ಅಂಗೈ, ಅಂಗಾಲು ಸದಾ ಬೆವರುತ್ತಿದ್ದರೆ



ಶಿಬಿರದಲ್ಲಿ ಬಿ.ಪಿ. ನೋಡಲು ಕೈ ಕೊಡಿ ಎಂದಾಗ ಕೆಲವರು ಮೊದಲು ಅಂಗೈಯನ್ನು ಸೆರಗಿಗೋ ಪಂಚೆಗೋ ಒರೆಸಿಕೊಳ್ಳುತ್ತಾರೆ. ಒರೆಸಿ ಅರ್ಧ ನಿಮಿಷಕ್ಕೆ ಮತ್ತೆ ಒದ್ದೆ. ಕೇಳಿದರೆ, "ಮಸ್ಕತ್ತಿನ ಸೆಕೆ ಅಲ್ವಾ ಡಾಕ್ಟ್ರೇ" ಎನ್ನುತ್ತಾರೆ. ಆದರೆ ನಾವು ಕೂತಿರುವುದು ಎ.ಸಿ. ಹಾಕಿದ ಕೋಣೆಯಲ್ಲಿ. ಸ್ವಲ್ಪ ಮಾತು ಮುಂದುವರಿದರೆ ನಿಜ ಹೊರಬರುತ್ತದೆ: ಊರಿನಲ್ಲಿದ್ದಾಗಲೂ ಹೀಗೇ, ಶಾಲೆಗೆ ಹೋಗುತ್ತಿದ್ದಾಗಲೂ ಹೀಗೇ.

ಕಳೆದೊಂದು ಶಿಬಿರಕ್ಕೆ ಬಂದಿದ್ದ, ಶಿವಮೊಗ್ಗ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು 67. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಒಂದು ಮಂಡಿ ಬದಲಾಯಿಸಿದೆ. ಮಗನ ಮನೆಯಲ್ಲಿ ಮೂರು ತಿಂಗಳು ಇರಲು ಬಂದವರು. ಶಾಲೆಯಲ್ಲಿ ಉತ್ತರ ಪತ್ರಿಕೆ ತಿದ್ದುವಾಗ ಕೈ ಕೆಳಗೆ ಕರವಸ್ತ್ರ ಇಟ್ಟುಕೊಳ್ಳುತ್ತಿದ್ದರಂತೆ, ಇಲ್ಲದಿದ್ದರೆ ಮಕ್ಕಳ ಶಾಯಿ ಕಲಸಿಹೋಗುತ್ತಿತ್ತು. ಮದುವೆಗಳಲ್ಲಿ ಕೈ ಕುಲುಕುವುದನ್ನು ತಪ್ಪಿಸಿ ದೂರದಿಂದಲೇ ನಮಸ್ಕಾರ ಮಾಡಿ ಅಭ್ಯಾಸ. ಐವತ್ತು ವರ್ಷದಲ್ಲಿ ಒಬ್ಬ ವೈದ್ಯರಿಗೂ ಹೇಳಿರಲಿಲ್ಲ. ಅಂದು ಬಂದದ್ದೂ ಅದಕ್ಕಲ್ಲ. ಮಗನ ಮನೆಯ ಮಾರ್ಬಲ್ ನೆಲದ ಮೇಲೆ ಬರಿಗಾಲಿನಲ್ಲಿ ನಡೆಯುವಾಗ ಅಂಗಾಲಿನ ಬೆವರಿಗೆ ಜಾರಿ ಬಿದ್ದು ಮಣಿಕಟ್ಟು ಊದಿಕೊಂಡಿತ್ತು.

ಇದು ಏನು, ಏಕೆ ಆಗುತ್ತದೆ?

ಅಂಗೈ ಅಂಗಾಲುಗಳ ಬೆವರು ಗ್ರಂಥಿಗಳು ಬಿಸಿಲಿಗಿಂತ ಹೆಚ್ಚಾಗಿ ಮನಸ್ಸಿನ ಮಾತು ಕೇಳುತ್ತವೆ. ಪರೀಕ್ಷೆ, ಸಂದರ್ಶನ, ಗಾಬರಿ ಬಂದಾಗ ಎಲ್ಲರ ಅಂಗೈಯೂ ಸ್ವಲ್ಪ ಒದ್ದೆಯಾಗುತ್ತದೆ. ಕೆಲವರಲ್ಲಿ ಈ ಗ್ರಂಥಿಗಳಿಗೆ ಆದೇಶ ತರುವ ನರಗಳು ಹುಟ್ಟಿನಿಂದಲೇ ಅತಿ ಚುರುಕು. ಗ್ರಂಥಿಗಳಲ್ಲಿ ದೋಷವಿಲ್ಲ, ಸಂಖ್ಯೆಯೂ ಹೆಚ್ಚಿಲ್ಲ. ಸಣ್ಣ ಕಾರಣಕ್ಕೂ, ಎಷ್ಟೋ ಸಲ ಕಾರಣವೇ ಇಲ್ಲದೆಯೂ, ಆದೇಶ ಬರುತ್ತಿರುತ್ತದೆ. ಇದನ್ನು ಪ್ರಾಥಮಿಕ ಅತಿಬೆವರು ಎನ್ನುತ್ತೇವೆ. 'ಪ್ರಾಥಮಿಕ' ಎಂದರೆ ಬೇರೆ ಯಾವ ಕಾಯಿಲೆಯಿಂದಲೂ ಬಂದದ್ದಲ್ಲ ಎಂದರ್ಥ. ಅಂಜುಬುರುಕ ಸ್ವಭಾವ, ಮೈಯಲ್ಲಿ ಉಷ್ಣ, ರಕ್ತ ಕೆಟ್ಟಿದೆ ಎಂದೆಲ್ಲ ಹೇಳುವುದಕ್ಕೆ ಅರ್ಥವಿಲ್ಲ.

ಇದನ್ನು ಗುರುತಿಸುವುದು ಕಷ್ಟವಲ್ಲ. ಬಾಲ್ಯದಲ್ಲಿ ಅಥವಾ 25ರೊಳಗೆ ಶುರುವಾಗಿರುತ್ತದೆ. ಎಡಕ್ಕೂ ಬಲಕ್ಕೂ ಒಂದೇ ಸಮ ಇರುತ್ತದೆ. ಮನೆಯಲ್ಲಿ ಇನ್ನೊಬ್ಬರಿಗೂ ಇರುವುದು ಸಾಮಾನ್ಯ. ಎಲ್ಲಕ್ಕಿಂತ ಮುಖ್ಯವಾಗಿ, ನಿದ್ದೆ ಹತ್ತಿದ ಮೇಲೆ ಬೆವರು ನಿಲ್ಲುತ್ತದೆ. ಆ ಟೀಚರಮ್ಮನನ್ನು ಕೇಳಿದಾಗ ಮಗ ನಡುವೆ ಬಾಯಿ ಹಾಕಿ, "ನಮ್ಮ ಹುಡುಗನಿಗೂ ಇದೆ ಸರ್, ಪರೀಕ್ಷೆ ಪೇಪರ್ ಒದ್ದೆ ಮಾಡ್ಕೊಂಡು ಬರ್ತಾನೆ" ಎಂದರು. ಮೊಮ್ಮಗನಿಗೆ ಹದಿಮೂರು.

ಯಾವಾಗ ಇದು ಅದಲ್ಲ?

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. 60 ದಾಟಿದ ಮೇಲೆ ಹೊಸದಾಗಿ ಶುರುವಾದ ಬೆವರನ್ನು ಪ್ರಾಥಮಿಕ ಎಂದುಕೊಳ್ಳಬಾರದು. ಮೈಯೆಲ್ಲ ಬೆವರುವುದು, ರಾತ್ರಿ ನಿದ್ದೆಯಲ್ಲಿ ಬಟ್ಟೆ ತೋಯುವುದು, ಒಂದೇ ಕಡೆ ಬೆವರುವುದು, ಜೊತೆಗೆ ತೂಕ ಇಳಿಯುವುದು ಅಥವಾ ಜ್ವರ ಬರುವುದು ಇದ್ದರೆ ಥೈರಾಯ್ಡ್, ಕ್ಷಯ ಮೊದಲಾದವನ್ನು ನೋಡಲೇಬೇಕು. ನಿಮ್ಮ ಮಾತ್ರೆಗಳ ಡಬ್ಬಿಯನ್ನೂ ತನ್ನಿ. ಖಿನ್ನತೆಗೆ ಕೊಡುವ ಎಸಿಟಾಲೋಪ್ರಾಮ್, ಸರ್ಟ್ರಲಿನ್, ನೋವಿಗೆ ಕೊಡುವ ಟ್ರಮಡಾಲ್, ಮರೆವಿಗೆ ಕೊಡುವ ಡೊನೆಪೆಜಿಲ್, ಇವೆಲ್ಲ ಬೆವರು ತರಿಸಬಲ್ಲವು. ಆದರೆ ನೀವಾಗಿಯೇ ನಿಲ್ಲಿಸಬೇಡಿ.

ಜೀವಮಾನವೆಲ್ಲ ಬೆವರಿದವರಿಗೆ ಒಂದು ಅಪಾಯ ಹೆಚ್ಚು. "ನನ್ನ ಮಾಮೂಲಿ ಬೆವರು" ಎಂದು ಬೇರೆಯದನ್ನೂ ತಳ್ಳಿಹಾಕಿಬಿಡುತ್ತಾರೆ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಇದ್ದಕ್ಕಿದ್ದಂತೆ ಹಣೆ, ಕತ್ತು, ಬೆನ್ನು ತಣ್ಣಗೆ ಬೆವೆತು, ಕೈ ನಡುಗಿ, ಹಸಿವಾಗಿ, ತಲೆ ಮಂಕಾದರೆ ಸಕ್ಕರೆ ಇಳಿದಿರಬಹುದು. ಊರಿನಲ್ಲಿ 70ಕ್ಕಿಂತ ಕಡಿಮೆ ಎನ್ನುವುದು ಇಲ್ಲಿಯ ಮೀಟರು ಮಿಲಿಮೋಲ್‌ನಲ್ಲಿ ತೋರಿಸಿದರೆ 3.9ಕ್ಕಿಂತ ಕಡಿಮೆ ಎಂದಾಗುತ್ತದೆ. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪುತ್ತಿದ್ದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ. ತಣ್ಣನೆಯ ಬೆವರಿನ ಜೊತೆ ಎದೆ ಬಿಗಿತ, ದವಡೆ ಅಥವಾ ತೋಳಿನ ನೋವು, ಏದುಸಿರು ಇದ್ದರೆ ಹೃದಯದ ತೊಂದರೆ ಎಂದೇ ತಿಳಿಯಿರಿ. ಈ ಎರಡರಲ್ಲೂ ಒಮಾನಿನ ತುರ್ತು ಸಂಖ್ಯೆ 9999. ಮಗ ಆಫೀಸಿನಿಂದ ಬರಲಿ ಎಂದು ಕಾಯಬೇಡಿ.

ಗ್ಲೂಕೋಮೀಟರ್ ಬಗ್ಗೆ ಇನ್ನೊಂದು ಮಾತು. ಒದ್ದೆ ಬೆರಳಿನಲ್ಲಿ ಚುಚ್ಚಿದರೆ ರಕ್ತದ ಹನಿಗೆ ಬೆವರು ಬೆರೆತು ಲೆಕ್ಕ ತಪ್ಪಾಗುತ್ತದೆ. ಕೈ ತೊಳೆದು, ಚೆನ್ನಾಗಿ ಒರೆಸಿ, ತಕ್ಷಣ ಚುಚ್ಚಿ. ಮೊದಲ ಹನಿ ಒರೆಸಿ ಎರಡನೆಯದನ್ನು ತೆಗೆದುಕೊಳ್ಳಿ. ಬೆರಳಚ್ಚಿನ ಯಂತ್ರ ಒದ್ದೆ ಬೆರಳನ್ನು ಒಪ್ಪದಿರುವುದಕ್ಕೂ ಇದೇ ಉಪಾಯ.

ರಾತ್ರಿ ಹಚ್ಚುವ ದ್ರಾವಣ

ಮೊದಲ ಮದ್ದು ಅಲ್ಯುಮಿನಿಯಂ ಕ್ಲೋರೈಡ್ ದ್ರಾವಣ, ಸಾಮಾನ್ಯವಾಗಿ 20%. ಫಾರ್ಮಸಿಯಲ್ಲಿ ಬೆವರು ತಡೆಯುವ ದ್ರಾವಣ ಎಂದೇ ಕೇಳಿ. ಡಿಯೋಡರೆಂಟ್ ಬೇರೆ, ಅದು ವಾಸನೆಯನ್ನಷ್ಟೇ ಮುಚ್ಚುತ್ತದೆ. ಈ ಲವಣ ಬೆವರಿನ ನಾಳದ ಬಾಯಿಗೆ ಸಣ್ಣ ಬಿರಡೆಯಂತೆ ಕೂರುತ್ತದೆ. ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ಉಜ್ಜುತ್ತಿದ್ದ ಪಟಿಕದ ಕಲ್ಲು ನೆನಪಿದೆಯೇ? ಅದೂ ಅಲ್ಯುಮಿನಿಯಂ ಲವಣವೇ, ಆದರೆ ಈ ಕೆಲಸಕ್ಕೆ ಅದರ ಬಲ ಸಾಲದು.

ಹಚ್ಚುವ ರೀತಿಯಲ್ಲೇ ಎಲ್ಲ ಇದೆ. ಹಗಲು ಹಚ್ಚಿದರೆ ಬೆವರೇ ಅದನ್ನು ತೊಳೆದುಹಾಕುತ್ತದೆ. ನಿದ್ದೆಯಲ್ಲಿ ಬೆವರು ನಿಲ್ಲುವುದರಿಂದ ಮಲಗುವ ಮುನ್ನ ಹಚ್ಚಬೇಕು. ಚರ್ಮ ಪೂರ್ತಿ ಒಣಗಿರಬೇಕು. ಒದ್ದೆ ಚರ್ಮದ ಮೇಲೆ ಅದು ಆಮ್ಲವಾಗಿ ಉರಿಯುತ್ತದೆ. ಒರೆಸಿ, ಫ್ಯಾನಿನ ಕೆಳಗೆ ಐದು ನಿಮಿಷ ಹಿಡಿದು, ತೆಳುವಾಗಿ ಹಚ್ಚಿ, ಅದೂ ಒಣಗಿದ ಮೇಲೆ ಮಲಗಿ. ಉಂಗುರ ತೆಗೆದಿಡಿ, ಹಳೆಯ ಹೊದಿಕೆ ಬಳಸಿ. ಲೋಹವೂ ಬಟ್ಟೆಯೂ ಹಾಳಾಗುತ್ತವೆ. ಬೆಳಿಗ್ಗೆ ಸೋಪು ಹಾಕಿ ತೊಳೆಯಿರಿ. ಒಂದೆರಡು ವಾರ ಪ್ರತಿ ರಾತ್ರಿ, ಒಣಗತೊಡಗಿದ ಮೇಲೆ ವಾರಕ್ಕೆ ಒಂದೆರಡು ಸಲ ಸಾಕು. ಬಿಟ್ಟರೆ ಬೆವರು ಮರಳುತ್ತದೆ.

ಟೀಚರಮ್ಮ ನಾಲ್ಕನೆಯ ದಿನ ಮಗನ ಫೋನಿನಿಂದ ಕರೆ ಮಾಡಿ ಅಂಗೈ ಉರಿ, ತುರಿಕೆ ಎಂದರು. ವಿಚಾರಿಸಿದರೆ ಪಾತ್ರೆ ತೊಳೆದು ಸೆರಗಿಗೆ ಒರೆಸಿ ಕೂಡಲೇ ಹಚ್ಚಿದ್ದರು. ಎರಡು ರಾತ್ರಿ ನಿಲ್ಲಿಸಿ, ಬೆಳಗಿನ ಹೊತ್ತು 1% ಹೈಡ್ರೊಕಾರ್ಟಿಸೋನ್ ಮುಲಾಮು ಹಚ್ಚಿಸಿ, ಆಮೇಲೆ ದಿನ ಬಿಟ್ಟು ದಿನ ಶುರು ಮಾಡಿಸಿದೆ. ಮೂರನೆಯ ವಾರದ ಹೊತ್ತಿಗೆ ಅಂಗೈ ಬಹುಮಟ್ಟಿಗೆ ಒಣಗಿತು. ಅಂಗಾಲು ಅರ್ಧ ಮಾತ್ರ. ಅಂಗಾಲಿನ ಚರ್ಮ ದಪ್ಪ, ನಿಧಾನವಾಗಿಯೇ ಒಪ್ಪುತ್ತದೆ. ಬಿರುಕು, ಗಾಯ ಇದ್ದಲ್ಲಿ ಹಚ್ಚಲೇಬಾರದು.

ನೀರಿನ ತಟ್ಟೆಯ ಯಂತ್ರ

ಇದರಿಂದ ಸಾಲದಿದ್ದರೆ ಅಯಾಂಟೊಫೊರೆಸಿಸ್ ಎಂಬ ಚಿಕಿತ್ಸೆ ಇದೆ. ಎರಡು ತಟ್ಟೆಗಳಲ್ಲಿ ನಲ್ಲಿ ನೀರು ಹಾಕಿ, ಅಂಗೈ ಮುಳುಗುವಷ್ಟು ಇಟ್ಟು, ಸಣ್ಣ ವಿದ್ಯುತ್ ಹರಿಸುತ್ತಾರೆ. ಚುಳುಚುಳು ಎನ್ನುತ್ತದೆ, ನೋವಿಲ್ಲ. ಯಂತ್ರ ನಡೆಯುತ್ತಿರುವಾಗ ಕೈ ಹೊರಗೆಳೆದರೆ ಮಾತ್ರ ಚಿಕ್ಕ ಶಾಕ್ ಹೊಡೆದಂತಾಗುತ್ತದೆ. ಗೀರು ಗಾಯಗಳಿಗೆ ಮೊದಲೇ ವ್ಯಾಸಲಿನ್ ಸವರಬೇಕು. ಒಂದು ಸಲಕ್ಕೆ 20ರಿಂದ 30 ನಿಮಿಷ, ವಾರಕ್ಕೆ ಮೂರು ನಾಲ್ಕು ಸಲ, ಒಣಗಿದ ಮೇಲೆ ವಾರಕ್ಕೊಮ್ಮೆ.

ಪೇಸ್‌ಮೇಕರ್ ಇರುವವರು ಇದರ ಹತ್ತಿರ ಹೋಗಬಾರದು. ವಿದ್ಯುತ್ ಹರಿಯುವ ದಾರಿಯಲ್ಲಿ ಲೋಹ ಕೂರಿಸಿದ್ದರೂ ಬೇಡ. ಮಂಡಿ ಬದಲಾಯಿಸಿದ ಟೀಚರಮ್ಮನ ಪಾದಗಳಿಗೆ ಹಾಗಾಗಿ ಇದನ್ನು ಮಾಡಲಿಲ್ಲ. ಮೊಮ್ಮಗನ ಅಂಗೈಗೆ ಮಾಡಿಸಿದರು. ಮೂರನೆಯ ವಾರದಲ್ಲಿ ಅವನ ಬರವಣಿಗೆ ಪುಸ್ತಕ ಒಣಗಿ ಬಂತು.

ಮಾತ್ರೆ ಇಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಇದೆ: ಗ್ಲೈಕೊಪಿರೊಲೇಟ್, ಆಕ್ಸಿಬ್ಯುಟಿನಿನ್. ನಿಮ್ಮ ವಯಸ್ಸಿಗೆ ನಾನು ಕೊಡುವುದಿಲ್ಲ. ಬಾಯಿ ಒಣಗುತ್ತದೆ, ಮಲಬದ್ಧತೆ ಬರುತ್ತದೆ, ಪ್ರಾಸ್ಟೇಟ್ ದೊಡ್ಡದಾದವರಿಗೆ ಮೂತ್ರ ಕಟ್ಟುತ್ತದೆ, ಗ್ಲಾಕೋಮಾ ಇದ್ದರೆ ಕಣ್ಣಿನ ಒತ್ತಡ ಏರಬಹುದು, ಆಕ್ಸಿಬ್ಯುಟಿನಿನ್ ಮರೆವನ್ನೂ ಗೊಂದಲವನ್ನೂ ಹೆಚ್ಚಿಸುತ್ತದೆ. ಅಷ್ಟಲ್ಲದೆ ಇವು ಇಡೀ ಮೈಯ ಬೆವರು ನಿಲ್ಲಿಸುತ್ತವೆ. ಜೂನ್ ತಿಂಗಳ ಮಸ್ಕತ್ತಿನಲ್ಲಿ 40 ಡಿಗ್ರಿ ದಾಟಿದಾಗ ಮೈ ತಂಪಾಗಲು ಇರುವ ದಾರಿ ಬೆವರೊಂದೇ. ಅದನ್ನು ಮುಚ್ಚಿದರೆ ಶಾಖಾಘಾತ. ಬೊಟಾಕ್ಸ್ ಚುಚ್ಚುಮದ್ದು ಕೆಲವು ತಿಂಗಳು ಕೆಲಸ ಮಾಡುತ್ತದೆ, ಅಂಗೈಗೆ ಚುಚ್ಚುವುದು ನೋವು, ಹಿಡಿತವೂ ಕೆಲಕಾಲ ಸಡಿಲವಾಗಬಹುದು. ನರ ಕತ್ತರಿಸುವ ಶಸ್ತ್ರಚಿಕಿತ್ಸೆಯಲ್ಲಿ ಅಂಗೈ ಒಣಗುತ್ತದೆ, ಆದರೆ ಬೆನ್ನು ಹೊಟ್ಟೆ ತೊಡೆ ಬೆವರಲು ಶುರುವಾಗುವುದು ಬಹಳ ಸಾಮಾನ್ಯ, ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ. ಮೊಮ್ಮಕ್ಕಳಿಗೆ ಯಾರಾದರೂ ಅವಸರದಲ್ಲಿ ಇದನ್ನು ಹೇಳಿದರೆ ಮೊದಲು ಉಳಿದದ್ದನ್ನೆಲ್ಲ ಮಾಡಿ ನೋಡಿ ಎನ್ನಿ.

ಪಾದಗಳಿಗೆ

ಸದಾ ಒದ್ದೆಯಾದ ಅಂಗಾಲಿನಲ್ಲಿ ಸಣ್ಣ ಸಣ್ಣ ಗುಳಿ ಬಿದ್ದು ಕೆಟ್ಟ ವಾಸನೆ ಬಂದರೆ ಅದು ಬ್ಯಾಕ್ಟೀರಿಯಾ ಸೋಂಕು, ಹಚ್ಚುವ ಔಷಧಿಯಿಂದ ವಾಸಿಯಾಗುತ್ತದೆ. ಬೆರಳ ಸಂದಿ ಬೆಳ್ಳಗೆ ಕೊಳೆತಂತಾಗಿ ತುರಿಸಿದರೆ ಶಿಲೀಂಧ್ರ. ಸಕ್ಕರೆ ಕಾಯಿಲೆಯವರಿಗೆ ಈ ಸಂದಿಯ ಬಿರುಕೇ ಸೋಂಕು ಒಳಹೋಗುವ ಬಾಗಿಲು. ರಾತ್ರಿ ಸಂದಿಗಳನ್ನು ಒಣಗಿಸಿ ನೋಡಿ, ಬಗ್ಗಲು ಆಗದಿದ್ದರೆ ಸೊಸೆಗೋ ಮಗಳಿಗೋ ನೋಡಲು ಹೇಳಿ. ಸಂದಿಗೆ ಪೌಡರ್ ತುಂಬಬೇಡಿ, ಅದು ಬೆವರಿಗೆ ಗಟ್ಟಿಯಾಗಿ ಕೂರುತ್ತದೆ. ಎರಡು ಜೊತೆ ಪಾದರಕ್ಷೆ ಇಟ್ಟುಕೊಂಡು ಒಂದನ್ನು ಒಂದು ದಿನ ಒಣಗಲು ಬಿಡಿ. ಕಾಲುಚೀಲ ಮಧ್ಯಾಹ್ನ ಒಮ್ಮೆ ಬದಲಿಸಿ.

ಮನೆಯೊಳಗೆ ಬರಿಗಾಲಿನ ಬದಲು ಹಿಮ್ಮಡಿಗೆ ಪಟ್ಟಿ ಇರುವ, ತಳ ಜಾರದ ಚಪ್ಪಲಿ ಹಾಕಿ. ಟೀಚರಮ್ಮನಿಗೆ ಮಗ ಮರುದಿನವೇ ತಂದುಕೊಟ್ಟರು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ. ಶಿಬಿರಕ್ಕೆ ಬರುವಾಗ ಇದರ ಬಗ್ಗೆ ಕೇಳುವುದಿದ್ದರೆ ನಿಮ್ಮ ಮಾತ್ರೆಗಳ ಪಟ್ಟಿ, ಬೆವರು ಯಾವ ವಯಸ್ಸಿನಲ್ಲಿ ಶುರುವಾಯಿತು, ನಿದ್ದೆಯಲ್ಲಿ ಇರುತ್ತದೆಯೇ ಇಲ್ಲವೇ, ಈ ಮೂರನ್ನು ಬರೆದುಕೊಂಡು ಬನ್ನಿ.