ಒಂದು ಮದುವೆ, ಎರಡು ಅಡುಗೆಮನೆ

ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ಮುಸ್ಲಿಂ ಮದುವೆಗಳಲ್ಲಿ ಬಿರಿಯಾನಿಯ ದೇಗು ಬೇಯುವ ಜಾಗದಿಂದ ದೂರಕ್ಕೆ ಇನ್ನೊಂದು ಒಲೆ ಹೂಡುವುದುಂಟು. ಮಾಂಸ ತಿನ್ನದ ಅತಿಥಿಗಳಿಗೆ ಅನ್ನ, ಸಾರು, ಪಲ್ಯ, ಹುಗ್ಗಿ ಅಲ್ಲಿ ತಯಾರಾಗುತ್ತವೆ. ಪಾತ್ರೆ ಯಾವುದು, ಮಾಡಿದವರು ಯಾರು ಎಂದು ಅತಿಥಿ ಕೇಳಿದರೆ ಮನೆಯವರ ಬಳಿ ನೇರ ಉತ್ತರ ಇರಬೇಕು.

ಮೊದಲ ತೊಡಕು ಬಾಡಿಗೆ ಪಾತ್ರೆಯದು. ಶಾಮಿಯಾನದ ಅಂಗಡಿಯಿಂದ ಬರುವ ಹಂಡೆಯಲ್ಲಿ ಹಿಂದಿನ ವಾರ ಕುರ್ಮಾ ಬೆಂದಿರಬಹುದು. ಹೊಳೆಯುವಂತೆ ತಿಕ್ಕಿದರೂ ಬಾಯಿಯ ಮಡಿಕೆಯಲ್ಲಿ, ಹಿಡಿಕೆಯ ಮೊಳೆಗಳ ಸುತ್ತ ಜಿಡ್ಡು ಉಳಿಯುತ್ತದೆ. ಕುದಿಯುವ ನೀರು ತುಂಬಿ ಸ್ವಲ್ಪ ಹೊತ್ತು ಮುಚ್ಚಿಟ್ಟರೆ ಹನಿಹನಿ ಕೊಬ್ಬು ಮೇಲೆ ತೇಲುತ್ತದೆ, ವಾಸನೆಯೂ ಏಳುತ್ತದೆ. ಆದರೆ ಈ ಪರೀಕ್ಷೆ ತೋರಿಸುವುದು ಕೊಳೆಯನ್ನು ಮಾತ್ರ. ಜಿಡ್ಡೇನೂ ತೇಲದ ಹಂಡೆಯಲ್ಲೂ ಹಿಂದೆ ಮಾಂಸ ಬೆಂದಿರಬಹುದು. ಕಟ್ಟುನಿಟ್ಟಿನ ಶಾಕಾಹಾರಿಗೆ ಅದೂ ಒಪ್ಪಿಗೆಯಲ್ಲ. ಅದಕ್ಕೇ ಶಾಕಾಹಾರದ ಅಡುಗೆಯವರು ಸ್ವಂತ ಹಂಡೆ, ಕಡಾಯಿ, ಸೌಟುಗಳನ್ನೇ ತರುವುದು ಮೇಲು.

ಮಾನ್ವಿಯಲ್ಲಿ 200 ಜನರ ಶಾಕಾಹಾರದ ಪಂಕ್ತಿ ಇದೆ ಎಂದುಕೊಳ್ಳಿ. ಎಡವಟ್ಟಾಗುವುದು ಹೆಚ್ಚಾಗಿ ಬಡಿಸುವ ಗದ್ದಲದಲ್ಲಿ. ಹಪ್ಪಳ ಸಾಲದಾದಾಗ ಯಾರೋ ಕಬಾಬ್ ಕರಿದ ಎಣ್ಣೆಯಲ್ಲೇ ನಾಲ್ಕು ಕರಿದು ತರುತ್ತಾರೆ. ಸಾರಿನ ಸೌಟು ಕುರ್ಮಾದ ಬಕೆಟ್ಟಿಗೆ ಇಳಿಯುತ್ತದೆ. ಹೀಗಾಗದಂತೆ ಶಾಕಾಹಾರದ ಸೌಟುಗಳ ಹಿಡಿಕೆಗೆಲ್ಲ ಹಸಿರು ದಾರ ಕಟ್ಟಬೇಕು. ನೀರಿನ ಡ್ರಮ್ಮು, ಪಾತ್ರೆ ತೊಳೆಯುವ ಜಾಗ, ಬಡಿಸುವ ಹುಡುಗರು ಎಲ್ಲವೂ ಬೇರೆ ಇರಬೇಕು. ಮೊಸರು, ಖೋವಾ ಇಡುವ ಫ್ರಿಜ್ಜೂ ಬೇರೆಯೇ. ಇರುವುದು ಒಂದೇ ಆದರೆ ರಸ ಸೋರುವ ಹಸಿ ಮಾಂಸ ಕೆಳಗಿನ ಅರೆಯಲ್ಲೇ ಇರಬೇಕು. ಅದು ನೈರ್ಮಲ್ಯಕ್ಕೆ ಸಾಕು, ಕಟ್ಟುನಿಟ್ಟಿನವರಿಗೆ ಸಾಲದು.

ಇನ್ನು ದಿನಸಿ. ಪೊಟ್ಟಣಗಳಲ್ಲಿ ಹಸಿರು ಚೌಕದೊಳಗಿನ ಹಸಿರು ಚುಕ್ಕಿ ನೋಡಿಕೊಳ್ಳಬಹುದು. ಬಿಡಿಯಾಗಿ ಬರುವ ಮಿಠಾಯಿಯ ಬೆಳ್ಳಿ ವರ್ಖಿನ ವಿಷಯದಲ್ಲಿ ಕೇಳಿಯೇ ತಿಳಿಯಬೇಕು. ಹಳೆಯ ಪದ್ಧತಿಯಲ್ಲಿ ಬೆಳ್ಳಿಯನ್ನು ಪ್ರಾಣಿಯ ಕರುಳು, ಚರ್ಮದ ಪದರಗಳ ನಡುವೆ ಇಟ್ಟು ಬಡಿಯುತ್ತಿದ್ದರು. ಯಂತ್ರದ ವರ್ಖೇ ಎಂದು ಮಿಠಾಯಿ ಅಂಗಡಿಯವರು ಖಾತ್ರಿ ಕೊಡದಿದ್ದರೆ ವರ್ಖಿಲ್ಲದ ಮಿಠಾಯಿ ತರಿಸುವುದೇ ಸರಿ.

ದೇಗಿನ ಕಡೆಯ ಲೆಕ್ಕ ಬೇರೆ. ಹಲಾಲ್ ಆಗಬೇಕಾದರೆ ಪ್ರಾಣಿ ಜೀವಂತ ಇರುವಾಗ ಅಲ್ಲಾಹನ ಹೆಸರು ಹೇಳಿ ಹರಿತವಾದ ಚೂರಿಯಿಂದ ಕತ್ತು ಕೊಯ್ದು ರಕ್ತ ಹರಿಯಬಿಡಬೇಕು. ತುಂಡಾದ ಮಾಂಸ ನೋಡಿ ಇದನ್ನು ಯಾರೂ ಹೇಳಲಾರರು. ಹಾಗಾಗಿ ಮನೆಯವರೊಬ್ಬರು ಕೊಯ್ಯುವಲ್ಲೇ ನಿಂತು, ಅಲ್ಲಿಂದ ದೇಗಿನವರೆಗೆ ಜೊತೆಗೇ ಬರುವುದು ಗಟ್ಟಿ ದಾರಿ. ಮಾಂಸವಿಲ್ಲದ ತಿನಿಸಿಗೂ ತಪಾಸಣೆ ತಪ್ಪದು. ಐಸ್‌ಕ್ರೀಮು, ಕೇಕುಗಳಿಗೆ ಹಾಕುವ ಎಸೆನ್ಸಿನಲ್ಲಿ ಮದ್ಯಸಾರ ಇರಬಹುದು.

ಇಷ್ಟಾಗಿಯೂ ಸೌಟು ಅದಲುಬದಲಾದರೆ ಶಾಕಾಹಾರದ ಆ ಬಕೆಟ್ಟನ್ನು ಪಂಕ್ತಿಯಿಂದ ತೆಗೆದು, ಅದರಿಂದ ಬಡಿಸಿಕೊಂಡವರಿಗೆ ಆಗಲೇ ತಿಳಿಸಬೇಕು. ಮುಚ್ಚಿಟ್ಟ ಸಂಗತಿ ಮುಂದೊಂದು ದಿನ ಹೊರಬಿದ್ದರೆ ಆ ಅತಿಥಿಗಳು ಅಂಥ ಮದುವೆಗಳಿಗೆ ಬಂದು ಹರಸಿ, ಊಟ ಮಾಡದೇ ಹೊರಡುತ್ತಾರೆ.