ತಕರಾರಿಗೂ ಒಂದು ಒಕ್ಕಣೆ

ಸಾಹಿತ್ಯ ತನ್ನದು, ರಾಗಸಂಯೋಜನೆ ತನ್ನದು, ದನಿ ತನ್ನದು. ಹಾಗಿದ್ದೂ ಯೂಟ್ಯೂಬಿಗೆ ಹಾಕಿದ ಹಾಡಿನ ಪಕ್ಕದಲ್ಲಿ ‘ಕಾಪಿರೈಟ್ ಕ್ಲೇಮ್’ ಎಂಬ ಸೂಚನೆ ಬಂದು ಕೂತರೆ ಯಾರಿಗಾದರೂ ಮೈ ಉರಿಯುತ್ತದೆ. ಆ ಸಿಟ್ಟಿನಲ್ಲೇ ‘ಇದು ನನ್ನ ಹಾಡು, ನೀವು ಕಳ್ಳರು, ಕೋರ್ಟಿಗೆ ಎಳೆಯುತ್ತೇನೆ’ ಎಂದು ಬರೆದು ಕಳಿಸುವವರು ಬಹಳ. ಅಂಥ ತಕರಾರು ಎಷ್ಟೋ ಸಲ ತಿರಸ್ಕೃತವಾಗುತ್ತದೆ. ಹಾಡು ಅವರದಲ್ಲ ಎಂದಲ್ಲ, ಕೇಳಿದ ಪ್ರಶ್ನೆಗೆ ಆ ಪತ್ರದಲ್ಲಿ ಉತ್ತರ ಇಲ್ಲ ಎಂದು.

ಕ್ಲೇಮ್ ಹಾಕುವುದು ಸಾಮಾನ್ಯವಾಗಿ ಮನುಷ್ಯರಲ್ಲ, ‘ಕಂಟೆಂಟ್ ಐಡಿ’ ಎಂಬ ಯಂತ್ರ ವ್ಯವಸ್ಥೆ. 2007ರಲ್ಲಿ ಶುರುವಾದ ಇದರಲ್ಲಿ ಸಂಗೀತ ಕಂಪನಿಗಳೂ ವಿತರಕರೂ ತಮ್ಮ ಹಾಡುಗಳ ಮೂಲ ಕಡತಗಳನ್ನು ಕೊಟ್ಟಿರುತ್ತಾರೆ. ಹೊಸ ವಿಡಿಯೊ ಬಂದಾಗ ಅದರ ಧ್ವನಿಯನ್ನು ಯಂತ್ರ ಆ ಕಡತಗಳ ಜೊತೆ ಹೋಲಿಸಿ ನೋಡುತ್ತದೆ. ಎರಡು ಧ್ವನಿ ಒಂದೇ ಥರ ಇವೆ ಎಂದಷ್ಟೇ ಅದು ಹೇಳಬಲ್ಲದು, ಯಾರದು ಮೊದಲು, ಯಾರಿಗೆ ಹಕ್ಕು ಎಂದು ಹೇಳಲಾರದು. ಆಸ್ಟ್ರೇಲಿಯದ ಸಂಗೀತಗಾರ ಸೆಬಾಸ್ಟಿಯನ್ ಟಾಮ್‌ಚಾಕ್ ಅವರು ತಾವೇ ತಯಾರಿಸಿದ ಹತ್ತು ಗಂಟೆಗಳ ಬರೀ ‘ಶ್ಶ್’ ಎನ್ನುವ ಗೊರಗೊರ ಸದ್ದಿನ ವಿಡಿಯೊಗೆ ಐದು ಕ್ಲೇಮ್ ಬಿದ್ದದ್ದು 2018ರಲ್ಲಿ ಸುದ್ದಿಯಾಗಿತ್ತು. ಯೂಟ್ಯೂಬ್ ತಾನೇ ಪ್ರಕಟಿಸಿದ ಲೆಕ್ಕದಂತೆ 2021ರ ಮೊದಲ ಆರು ತಿಂಗಳಲ್ಲಿ 72 ಕೋಟಿಗೂ ಹೆಚ್ಚು ಕ್ಲೇಮುಗಳು ಬಂದವು. ತಕರಾರು ಎತ್ತಿದವರು ನೂರಕ್ಕೆ ಒಬ್ಬರೂ ಇಲ್ಲ. ಆದರೆ ಎತ್ತಿದ ತಕರಾರುಗಳಲ್ಲಿ ನೂರಕ್ಕೆ ಅರವತ್ತು ವಿಡಿಯೊ ಹಾಕಿದವರ ಪರವಾಗಿಯೇ ಇತ್ಯರ್ಥವಾದವು.

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ತಕರಾರು ಮೊದಲು ಹೋಗುವುದು ಯೂಟ್ಯೂಬಿನ ನ್ಯಾಯಾಧೀಶರ ಬಳಿಗಲ್ಲ, ಕ್ಲೇಮ್ ಹಾಕಿದವರ ಬಳಿಗೇ. ಅಲ್ಲಿ ಅದನ್ನು ಓದುವವರು ದಿನಕ್ಕೆ ಎಷ್ಟೋ ಇಂಥ ಅರ್ಜಿ ನೋಡುವ ಒಬ್ಬ ನೌಕರರು. ಯಂತ್ರ ಮಾಡಿದ ತಪ್ಪು ಅವರಿಗೆ ಗೊತ್ತೇ ಇರುವುದಿಲ್ಲ, ನಿಮ್ಮ ಪತ್ರದಿಂದಲೇ ಗೊತ್ತಾಗಬೇಕು. ಸೌಜನ್ಯ ಬೇಕಾಗುವುದು ಇದಕ್ಕಾಗಿ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಶಿವಮೊಗ್ಗದ ಒಬ್ಬ ಗಾಯಕಿ ತಾನೇ ಬರೆದ ಭಾವಗೀತೆಗೆ ತಾನೇ ರಾಗ ಹಾಕಿ, ಮನೆಯಲ್ಲೇ ರೆಕಾರ್ಡ್ ಮಾಡಿ, ಯೂಟ್ಯೂಬಿಗೆ ಹಾಕಿದ್ದಾಳೆ ಎನ್ನಿ. ತಬಲಾ ನುಡಿಸುವವರು ಸಿಗದೆ, ದುಡ್ಡು ಕೊಟ್ಟು ಪಡೆದ ಒಂದು ಲೂಪ್ ಸಂಗ್ರಹದಿಂದ ತಬಲಾ ತುಣುಕೊಂದನ್ನು ಬಳಸಿದ್ದಾಳೆ. ಕ್ಲೇಮ್ ಬರುತ್ತದೆ. ಯೂಟ್ಯೂಬ್ ಸ್ಟುಡಿಯೊದಲ್ಲಿ ವಿವರ ತೆರೆದರೆ ಎಲ್ಲಿಂದ ಎಲ್ಲಿಯವರೆಗೆ ಹೋಲಿಕೆ ಸಿಕ್ಕಿದೆ ಎಂಬುದು ಕಾಣಿಸುತ್ತದೆ: 0:00ರಿಂದ 0:18ರವರೆಗೆ. ಅಲ್ಲಿ ಅವಳ ದನಿಯೇ ಇಲ್ಲ, ಇರುವುದು ಬರೀ ತಬಲಾ. ಅದೇ ಲೂಪನ್ನು ಇನ್ಯಾರೋ ಸಂಗೀತಗಾರ ತನ್ನ ಹಾಡಿಗೂ ಬಳಸಿ, ಇಡೀ ಹಾಡನ್ನು ವಿತರಕರ ಮೂಲಕ ಕಂಟೆಂಟ್ ಐಡಿಗೆ ಸೇರಿಸಿದ್ದಾನೆ. ತಬಲಾ ಇಬ್ಬರದೂ ಅಲ್ಲ.

ಈಗ ಫಾರಂ ತುಂಬುವಾಗ ಕಾರಣವೊಂದನ್ನು ಆರಿಸಬೇಕು. ‘ಇದು ನನ್ನ ಸ್ವಂತ ಕೃತಿ, ಎಲ್ಲ ಹಕ್ಕೂ ನನ್ನದೇ’ ಎಂಬುದನ್ನು ಒತ್ತಲು ಕೈ ತುಡಿಯುತ್ತದೆ. ಒತ್ತಬಾರದು. ಹಾಡು ಅವಳದೇ ಹೌದು, ಆದರೆ ಪ್ರಶ್ನೆ ಬಂದಿರುವುದು 18 ಸೆಕೆಂಡಿನ ಬಗ್ಗೆ, ಆ ತಬಲಾ ಅವಳಿಗೆ ಪರವಾನಗಿಯಿಂದ ಬಂದದ್ದು. ‘ನನ್ನ ಬಳಿ ಪರವಾನಗಿ ಇದೆ’ ಎಂಬುದೇ ಸರಿಯಾದ ಕಾರಣ. ಓದುವವರು ಆ ಲೂಪನ್ನು ಗುರುತಿಸಿಬಿಟ್ಟರೆ, ‘ಎಲ್ಲವೂ ನನ್ನದೇ’ ಎಂದ ಮಾತು ಸುಳ್ಳೆಂದು ಕಂಡು ಉಳಿದ ನಿಜದ ಮೇಲೂ ನಂಬಿಕೆ ಹೋಗುತ್ತದೆ. ವಿವರಣೆಯ ಜಾಗದಲ್ಲಿ ಅವಳು ಹೀಗೆ ಬರೆಯಬಹುದು:

‘ಮಾನ್ಯರೇ, ನನ್ನ ವಿಡಿಯೊದ 0:00ರಿಂದ 0:18ರವರೆಗಿನ ಭಾಗದ ಮೇಲೆ ನಿಮ್ಮ ಕಡೆಯಿಂದ ಕ್ಲೇಮ್ ಬಂದಿದೆ. ಈ ಹಾಡಿನ ಸಾಹಿತ್ಯ, ರಾಗಸಂಯೋಜನೆ ಮತ್ತು ಗಾಯನ ನನ್ನವು. ಕ್ಲೇಮ್ ಇರುವ ಭಾಗದಲ್ಲಿ ಕೇಳುವುದು ಒಂದು ತಬಲಾ ಲೂಪ್ ಮಾತ್ರ. ಅದನ್ನು ಒಂದು ಲೂಪ್ ಸಂಗ್ರಹದಿಂದ ದುಡ್ಡು ಕೊಟ್ಟು ಪಡೆದಿದ್ದೇನೆ. ಸಂಗ್ರಹದ ಹೆಸರು, ಕಡತದ ಹೆಸರು, ರಸೀದಿಯ ದಿನಾಂಕ ಕೆಳಗಿವೆ. ಅದರ ಪರವಾನಗಿ ಯಾರೊಬ್ಬರಿಗೂ ಮೀಸಲಲ್ಲ, ಕೊಂಡವರೆಲ್ಲ ತಮ್ಮ ಹಾಡಿನಲ್ಲಿ ಬಳಸಬಹುದು. ನಿಮ್ಮ ಹಾಡಿನಲ್ಲೂ ಅದೇ ಲೂಪ್ ಇರುವುದರಿಂದ ಹೋಲಿಕೆ ಸಿಕ್ಕಿರಬೇಕೆಂದು ತೋರುತ್ತದೆ. ನಿಮ್ಮ ಹಾಡಿನ ಬೇರಾವ ಭಾಗವನ್ನೂ ನಾನು ಬಳಸಿಲ್ಲ. ದಯವಿಟ್ಟು ಕ್ಲೇಮ್ ಹಿಂತೆಗೆದುಕೊಂಡು, ನಿಮ್ಮ ಮೂಲ ಕಡತದಿಂದ ಈ ಭಾಗವನ್ನು ಹೊರಗಿಡಬೇಕೆಂದು ಕೋರುತ್ತೇನೆ. ಹೆಚ್ಚಿನ ದಾಖಲೆ ಬೇಕಿದ್ದರೆ ಕಳಿಸುತ್ತೇನೆ. ವಂದನೆಗಳು.’

ಈ ಒಕ್ಕಣೆಯಲ್ಲಿ ನನಗೆ ಬಹಳ ಹಿಡಿಸುವುದು ‘ನಿಮ್ಮ ಹಾಡಿನಲ್ಲೂ ಅದೇ ಲೂಪ್ ಇರುವುದರಿಂದ’ ಎಂಬ ಮಾತು. ಎದುರಿನವರ ಮೇಲೆ ಕಳ್ಳತನ ಹೊರಿಸದೆ ತಪ್ಪು ಎಲ್ಲಿ ಆಯಿತೆಂದು ಅದು ತೋರಿಸಿಕೊಡುತ್ತದೆ. ಕೊನೆಯ ಕೋರಿಕೆಗೂ ಆಧಾರ ಉಂಟು. ಬೇರೆಯವರೂ ಬಳಸಬಹುದಾದ ಲೂಪು, ಕರೋಕೆ, ಮೀಸಲಲ್ಲದ ಸಂಗೀತ ಇವುಗಳನ್ನು ಕಂಟೆಂಟ್ ಐಡಿಯಲ್ಲಿ ತಮ್ಮದೆಂದು ಇಡಬಾರದೆಂಬುದು ಯೂಟ್ಯೂಬಿನದೇ ನಿಯಮ. ಆ ನಿಯಮ ತಿಳಿದ ವಿತರಕರಿಗೆ ಇಷ್ಟು ಹೇಳಿದರೆ ಸಾಕು, ಕಾಯ್ದೆಯ ಕಲಮುಗಳನ್ನು ಪೇರಿಸಬೇಕಿಲ್ಲ. ಕ್ಲೇಮ್ ಹಾಕಿದವರು ಹೊರದೇಶದವರಾದರೆ ಇದನ್ನೇ ಇಂಗ್ಲಿಷಿನಲ್ಲಿ ಸರಳವಾಗಿ ಬರೆಯಬೇಕಾಗುತ್ತದೆ.

ಬರೆಯುವ ಮುಂಚೆ ಒಂದನ್ನು ಮಾತ್ರ ನೋಡಿಕೊಳ್ಳಬೇಕು: ಕ್ಲೇಮ್ ಹಾಕಿದವರ ಹೆಸರು. ಹಾಡನ್ನು ಬೇರೆ ಆ್ಯಪುಗಳಿಗೆ ತಲುಪಿಸಲು ನೀವೇ ಹಿಡಿದ ವಿತರಕರು ಅವರಾಗಿದ್ದರೆ ಅದು ತಪ್ಪು ಕ್ಲೇಮೇ ಅಲ್ಲ. ನಿಮ್ಮ ಪರವಾಗಿಯೇ ಅವರ ಯಂತ್ರ ನಿಮ್ಮ ಚಾನೆಲ್ಲನ್ನು ಹಿಡಿದಿದೆ. ಅಲ್ಲಿ ತಕರಾರು ಬೇಡ, ನಿಮ್ಮ ಚಾನೆಲ್ಲಿಗೆ ವಿನಾಯಿತಿ ಕೊಡಿ ಎಂದು ವಿತರಕರಿಗೆ ತಿಳಿಸಿದರೆ ಮುಗಿಯಿತು. ಇನ್ನು ಕೆಲವರು ವಿಡಿಯೊ ಅಳಿಸಿ ಮತ್ತೆ ಹಾಕುತ್ತಾರೆ. ಯಂತ್ರ ಮತ್ತೆ ಅದನ್ನೇ ಹಿಡಿಯುತ್ತದೆ, ಅಷ್ಟರಲ್ಲಿ ಬಂದ ವೀಕ್ಷಣೆಗಳೂ ಹೋಗುತ್ತವೆ.

ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೇಮ್ ಬಂದರೆ ಆ ವಿಡಿಯೊದ ಜಾಹೀರಾತು ಹಣ ಅವರ ಕಡೆ ಹೋಗಬಹುದು ಅಥವಾ ವಿಡಿಯೊ ಕೆಲವೆಡೆ ಕಾಣದಿರಬಹುದು, ಚಾನೆಲ್ಲಿಗೆ ಪೆಟ್ಟಿಲ್ಲ. ಗಳಿಕೆ ಇರುವ ಚಾನೆಲ್ಲಾದರೆ ಐದು ದಿನದೊಳಗೆ ತಕರಾರು ಹಾಕುವುದು ಲೇಸು. ಆಗ ಕ್ಲೇಮ್ ಬಿದ್ದ ಮೊದಲ ದಿನದಿಂದಲೂ ಹಣವನ್ನು ಯೂಟ್ಯೂಬ್ ಬೇರೆ ಇಟ್ಟುಕೊಳ್ಳುತ್ತದೆ, ತೀರ್ಮಾನ ಯಾರ ಪರವಾದರೆ ಅವರಿಗೆ ಕೊಡುತ್ತದೆ. ತಡ ಮಾಡಿದರೆ ತಕರಾರು ಹಾಕಿದ ದಿನದಿಂದ ಮಾತ್ರ.

ಉತ್ತರ ಕೊಡಲು ಅವರಿಗೆ 30 ದಿನ ಇರುತ್ತದೆ. ಸುಮ್ಮನಿದ್ದರೆ ಕ್ಲೇಮ್ ತಾನಾಗಿ ಬಿದ್ದುಹೋಗುತ್ತದೆ. ತಿರಸ್ಕರಿಸಿದರೆ ಮೇಲ್ಮನವಿ ಹಾಕಬಹುದು, ಆಗ ಅವರಿಗಿರುವುದು ಏಳೇ ದಿನ. ಅದಕ್ಕೂ ಒಪ್ಪದಿದ್ದರೆ ಅವರು ವಿಡಿಯೊ ತೆಗೆಸಲು ಕಾನೂನುಬದ್ಧ ಕೋರಿಕೆ ಸಲ್ಲಿಸಬೇಕಾಗುತ್ತದೆ, ಅದು ಊರ್ಜಿತವಾದರೆ ಸ್ಟ್ರೈಕ್ ಬೀಳುತ್ತದೆ. ಅದಕ್ಕೆ ಪ್ರತಿ ನೋಟಿಸ್ ಕೊಟ್ಟರೆ ನಿಮ್ಮ ಹೆಸರು, ವಿಳಾಸ ಎದುರಿನವರ ಕೈ ಸೇರುತ್ತವೆ, ಹತ್ತು ಕೆಲಸದ ದಿನಗಳೊಳಗೆ ಅವರು ಕೋರ್ಟಿಗೆ ಹೋದ ದಾಖಲೆ ತೋರಿಸಬೇಕು. ಆದ್ದರಿಂದ ಮೇಲ್ಮನವಿಗೆ ಮುಂಚೆ ಪರವಾನಗಿಯ ಷರತ್ತನ್ನು ಇನ್ನೊಮ್ಮೆ ಪೂರ್ತಿ ಓದಬೇಕು. ವೈಯಕ್ತಿಕ ಬಳಕೆಗಷ್ಟೇ ಅನುಮತಿ ಕೊಟ್ಟು, ಹಣ ಗಳಿಸುವ ವಿಡಿಯೊಗೆ ಕೊಡದ ಸಂಗ್ರಹಗಳೂ ಇವೆ. ಅಂಥದಾಗಿದ್ದರೆ ಅವಳು ಅಲ್ಲಿಗೇ ನಿಲ್ಲಿಸಿ, ತಬಲಾ ಬೇರೆ ಹಾಕಿಸಿಕೊಳ್ಳುವುದೇ ಸರಿ.

ಕ್ಲೇಮ್ ಹಿಂದೆ ಸರಿದ ಮೇಲೂ ರಸೀದಿ, ಪರವಾನಗಿಯ ಪ್ರತಿ, ಲೂಪಿನ ಕಡತ, ತಾನು ಹಾಡನ್ನು ಜೋಡಿಸಿದ ಪ್ರಾಜೆಕ್ಟ್ ಫೈಲು ಇವನ್ನೆಲ್ಲ ಅವಳು ಒಂದೇ ಕಡೆ ಇಟ್ಟುಕೊಳ್ಳಬೇಕು. ಎದುರಿನವರು ಕ್ಲೇಮ್ ಮಾತ್ರ ಬಿಟ್ಟು ಮೂಲ ಕಡತವನ್ನು ಹಾಗೇ ಇಟ್ಟಿದ್ದರೆ, ಅದೇ ತಬಲಾ ಇರುವ ಅವಳ ಮುಂದಿನ ಹಾಡನ್ನೂ ಯಂತ್ರ ಹಿಡಿಯುತ್ತದೆ.