ನೂರಕ್ಕೆ ನೂರು ಆದಮೇಲೂ ಉಳಿಯುವ ಕೆಲಸ

ಬಸ್ ಟಿಕೆಟ್ ಕಾಯ್ದಿರಿಸುವ ಒಂದು ಆ್ಯಪ್ ಕನ್ನಡ, ತೆಲುಗು, ತಮಿಳು, ಮರಾಠಿ, ಹಿಂದಿಗಳಲ್ಲಿ ಬಿಡುಗಡೆಯಾಗಲಿದೆ ಎಂದಿಟ್ಟುಕೊಳ್ಳೋಣ. ಅದರ ಗುಂಡಿಗಳು, ಸೂಚನೆಗಳು, ಎಚ್ಚರಿಕೆಗಳೆಲ್ಲ ಬಿಡಿಬಿಡಿ ಸಾಲುಗಳಾಗಿ ಕಡತಗಳಲ್ಲಿ ಕುಳಿತಿರುತ್ತವೆ. ಇಂಥ ಒಂದೊಂದು ಸಾಲನ್ನೂ ತಂತ್ರಾಂಶದವರು ಸ್ಟ್ರಿಂಗ್ ಎನ್ನುತ್ತಾರೆ. ಬಿಡುಗಡೆಗೆ ವಾರವಿರುವಾಗ ಪ್ರಗತಿಪಟ್ಟಿಯಲ್ಲಿ ಐದೂ ಭಾಷೆಗಳ ಮುಂದೆ 100% ಎಂದು ಹಸಿರು ಬಣ್ಣ ಕಾಣುತ್ತದೆ. ಈ ಅಂಕಿಯನ್ನು ನಂಬಿ ಬಿಡುಗಡೆ ಮಾಡಬಾರದು. ಯಾವ ಸಾಲೂ ಖಾಲಿ ಉಳಿದಿಲ್ಲ ಎಂಬುದಷ್ಟೇ ಅದರ ಅರ್ಥ. ಬರೆದದ್ದು ಸರಿಯೇ, ಇವತ್ತಿಗೂ ಸರಿಯೇ ಎಂಬುದು ಅದರಿಂದ ತಿಳಿಯುವುದಿಲ್ಲ.

ಟಿಕೆಟ್ ರದ್ದಾದರೆ ಏಳು ದಿನಗಳಲ್ಲಿ ಹಣ ವಾಪಸ್ ಎಂಬ ಇಂಗ್ಲಿಷ್ ಸಾಲನ್ನು ಐವರು ಅನುವಾದಕರೂ ತಮ್ಮ ತಮ್ಮ ಭಾಷೆಗೆ ತಂದಿದ್ದಾರೆ. ಆಮೇಲೆ ಕಂಪನಿ ನಿಯಮ ಬದಲಿಸಿತು, ಏಳು ಮೂರಾಯಿತು. ಇಂಗ್ಲಿಷ್ ಕಡತವನ್ನು ಯಾರೋ ತಿದ್ದಿದರು. ಈಗ ಎರಡು ಕಡತಗಳಲ್ಲಿ ಇರುವುದು ಹೀಗೆ:

```
<string name="refund_note">Refund in 3 days</string>
<string name="refund_note">7 ದಿನಗಳಲ್ಲಿ ಹಣ ವಾಪಸ್</string>
```

ಆಂಡ್ರಾಯ್ಡ್‌ನಲ್ಲಿ ಸಾಲುಗಳನ್ನು ಗುರುತಿಸುವುದು `refund_note` ಎಂಬ ಹೆಸರಿನಿಂದ. ಹೆಸರು ಬದಲಾಗಿಲ್ಲ, ಕನ್ನಡ ಸಾಲು ಇದ್ದೇ ಇದೆ. ಹಾಗಾಗಿ ಯಾವ ದೋಷವೂ ವರದಿಯಾಗುವುದಿಲ್ಲ, ಪಟ್ಟಿಯ ಹಸಿರೂ ಮಾಸುವುದಿಲ್ಲ. ಒಂದೇ ಬಸ್ಸಿನ ಇಬ್ಬರು ಪ್ರಯಾಣಿಕರಿಗೆ ಎರಡು ಬೇರೆ ಭರವಸೆ ಸಿಗುತ್ತದೆ. ಲಿನಕ್ಸ್ ಲೋಕದಲ್ಲಿ ಬಳಕೆಯಲ್ಲಿರುವ ಗೆಟ್‌ಟೆಕ್ಸ್ಟ್ ಪದ್ಧತಿಯ ದಾರಿ ಬೇರೆ. ಅಲ್ಲಿ ಇಂಗ್ಲಿಷ್ ವಾಕ್ಯವೇ ಗುರುತು. ವಾಕ್ಯ ಸ್ವಲ್ಪ ಬದಲಾದರೆ ಹಳೆಯ ಅನುವಾದಕ್ಕೆ `fuzzy` ಎಂಬ ಚೀಟಿ ಬೀಳುತ್ತದೆ, ಮತ್ತೆ ಯಾರಾದರೂ ನೋಡಿ ಒಪ್ಪುವವರೆಗೆ ಪರದೆಯಲ್ಲಿ ಇಂಗ್ಲಿಷೇ ಕಾಣುತ್ತದೆ. ಕನ್ನಡ ಮಾಯವಾದದ್ದು ಕಣ್ಣಿಗೆ ಕಾಣುವುದರಿಂದ ಅದನ್ನು ಹಿಡಿಯಬಹುದು. ಹಳತಾಗಿ ಸುಳ್ಳಾದ ಕನ್ನಡವನ್ನು ಹಿಡಿಯುವುದು ಕಷ್ಟ.

ಆದ್ದರಿಂದ ಪಟ್ಟಿಯಲ್ಲಿ ಬರೆದಿಡಬೇಕಾದದ್ದು ಅನುವಾದ ಆಯಿತೇ ಎಂಬುದೊಂದನ್ನೇ ಅಲ್ಲ. ಯಾವ ಇಂಗ್ಲಿಷ್ ಸಾಲನ್ನು ನೋಡಿ ಅನುವಾದಿಸಿದರು, ಯಾವುದನ್ನು ನೋಡಿ ಪರಿಶೀಲಕರು ಒಪ್ಪಿದರು ಎಂಬುದೂ ಅಲ್ಲಿರಬೇಕು. ಮೂಲ ಬದಲಾದ ಕ್ಷಣ ಆ ಸಾಲಿನ ಒಪ್ಪಿಗೆ ಐದೂ ಭಾಷೆಗಳಲ್ಲಿ ಬಿದ್ದುಹೋಗಬೇಕು. ವೆಬ್ಲೇಟ್‌ನಂಥ ಅನುವಾದ ತಾಣಗಳು ಬದಲಾದ ಸಾಲನ್ನು ತಾವೇ ಹಿಂದಕ್ಕೆ ಕಳಿಸಬಲ್ಲವು; ಸಾದಾ ಸ್ಪ್ರೆಡ್‌ಶೀಟ್ ಬಳಸುವವರು ಮೂಲಸಾಲಿನ ಪ್ರತಿಯನ್ನು ಒಪ್ಪಿಗೆಯ ಪಕ್ಕದಲ್ಲೇ ಇಟ್ಟು ಹೋಲಿಸಬೇಕು. ಒಂದು ಸಾಲು ಬದಲಾದರೆ ಐದು ಅನುವಾದ, ಐದು ಪರಿಶೀಲನೆ, ಒಟ್ಟು ಹತ್ತು ಕೆಲಸ ಹುಟ್ಟುತ್ತವೆ. ಇಂಗ್ಲಿಷಿನ ಕಾಗುಣಿತ ತಿದ್ದಿದ್ದಕ್ಕೂ ಹತ್ತು ಕೆಲಸ ಹುಟ್ಟಿಸಿದರೆ ಜನ ಬೇಸತ್ತು ಕಣ್ಣುಮುಚ್ಚಿ ಒಪ್ಪತೊಡಗುತ್ತಾರೆ. ಅರ್ಥ ಬದಲಾಯಿತೇ ಇಲ್ಲವೇ ಎಂದು ತೀರ್ಮಾನಿಸಲು ಒಬ್ಬ ಮನುಷ್ಯ ಇರಲೇಬೇಕು. ಗ್ನೋಮ್ ಯೋಜನೆಯಲ್ಲಿ ಬಿಡುಗಡೆಗೆ ಮೊದಲು ಸ್ಟ್ರಿಂಗ್ ಫ್ರೀಜ್ ಎಂಬ ಅವಧಿ ಇರುತ್ತದೆ. ಆಗ ಅನುವಾದ ತಂಡದ ಸಮ್ಮತಿಯಿಲ್ಲದೆ ಮೂಲ ಸಾಲುಗಳನ್ನು ಮುಟ್ಟುವಂತಿಲ್ಲ. ಚಿಕ್ಕ ತಂಡಗಳೂ ಇದನ್ನು ಧಾರಾಳವಾಗಿ ಅನುಸರಿಸಬಹುದು.

ಮೂಲ ಬದಲಾಗದಿದ್ದರೂ ಭಾಷೆಗೊಂದರಂತೆ ಹುಟ್ಟುವ ತಪ್ಪುಗಳಿವೆ. ಸೀಟುಗಳ ಸಂಖ್ಯೆ ಹೇಳುವ ಸಾಲನ್ನು ಕನ್ನಡದಲ್ಲಿ ಹೀಗೆ ಬರೆದಿದ್ದಾರೆ ಎನ್ನೋಣ:

```
<item quantity="one">ಒಂದು ಸೀಟು ಉಳಿದಿದೆ</item>
<item quantity="other">%d ಸೀಟುಗಳು ಉಳಿದಿವೆ</item>
```

ಓದಲು ಚೆನ್ನಾಗಿಯೇ ಇದೆ. ಆದರೆ ಫೋನುಗಳು ಅನುಸರಿಸುವ ಯೂನಿಕೋಡ್‌ನ ಬಹುವಚನ ನಿಯಮದಲ್ಲಿ ಕನ್ನಡ, ಹಿಂದಿಗಳಿಗೆ `one` ಎಂಬುದು ಒಂದಕ್ಕೂ ಸೊನ್ನೆಗೂ ಅನ್ವಯಿಸುತ್ತದೆ. ತೆಲುಗು, ತಮಿಳುಗಳಲ್ಲಿ ಸೊನ್ನೆ `other` ಕಡೆ ಹೋಗುತ್ತದೆ. ಹೀಗಾಗಿ ಬಸ್ಸು ಭರ್ತಿಯಾದಾಗ ಇದೇ ರೀತಿ ಬರೆದ ತೆಲುಗು ಪರದೆ ಸೊನ್ನೆ ತೋರಿಸಿದರೆ, ಕನ್ನಡ ಪರದೆ ಒಂದು ಸೀಟು ಉಳಿದಿದೆ ಎನ್ನುತ್ತದೆ. ಮೊದಲ ಸಾಲಿನಲ್ಲೂ `%d` ಇಟ್ಟು, ಸೊನ್ನೆಗೆ ಬೇರೆಯದೇ ಸಾಲು ಕೊಡುವುದು ಪರಿಹಾರ. ಆಂಡ್ರಾಯ್ಡ್‌ನ ಲಿಂಟ್ ಎಂಬ ಸಾಧನ ಇದನ್ನು `ImpliedQuantity` ಎಂದು ಎತ್ತಿ ತೋರಿಸುತ್ತದೆ. ಅದರ ಎಚ್ಚರಿಕೆಗಳು ಪ್ರೋಗ್ರಾಮರ್‌ನ ಯಂತ್ರದಲ್ಲೇ ಉಳಿದರೆ ಅನುವಾದಕರಿಗೆ ಸುದ್ದಿಯೇ ಇರುವುದಿಲ್ಲ. ಆಯಾ ಭಾಷೆಯ ಪಟ್ಟಿಗೆ ಅವು ಕೆಲಸವಾಗಿ ಬರಬೇಕು.

ಪರಿಶೀಲಕರು ಪಟ್ಟಿಯನ್ನು ಓದಿ ಬಿಡುವುದಲ್ಲ, ಫೋನಿನಲ್ಲಿ ಸೊನ್ನೆ, ಒಂದು, ಎರಡು ಸೀಟುಗಳ ಸ್ಥಿತಿಯನ್ನು ತಂದು ನೋಡಬೇಕು. ಗುಂಡಿಯೊಳಗೆ ಪದ ತುಂಡಾಗಿದೆಯೇ, ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗಿದೆಯೇ ಎಂಬುದೂ ಅಲ್ಲೇ ಗೊತ್ತಾಗುವುದು.

ಕೊನೆಯ ದಿನ ಎಲ್ಲವೂ ಮುಗಿದಿರುವುದು ಅಪರೂಪ. ಒಪ್ಪಿಗೆಯಾಗದ ಕನ್ನಡ ಸಾಲನ್ನು ತೆಗೆದುಹಾಕಿದರೆ ಆಂಡ್ರಾಯ್ಡ್ ಮೂಲ ಕಡತದ ಇಂಗ್ಲಿಷನ್ನು ತೋರಿಸುತ್ತದೆ. ಸೆಟ್ಟಿಂಗ್ಸ್ ಪುಟದ ಮೂಲೆಯ ಸಾಲಿಗೆ ಇದು ಸಾಕು. ಹಣ, ರದ್ದತಿ, ಬಸ್ ಹೊರಡುವ ಸಮಯದ ಸಾಲುಗಳಿಗೆ ಸಾಲದು. ಇಂಗ್ಲಿಷ್ ಬಾರದ ಕಾರಣಕ್ಕೇ ಕನ್ನಡ ಆರಿಸಿಕೊಂಡವರಿಗೆ ಅಲ್ಲಿ ಬೇರೆ ದಾರಿಯಿಲ್ಲ. ಈ ಸಾಲುಗಳನ್ನು ಮೊದಲ ದಿನವೇ ಗುರುತುಮಾಡಿ, ಅವುಗಳಲ್ಲಿ ಒಂದಕ್ಕೆ ಒಪ್ಪಿಗೆ ಬಾಕಿಯಿದ್ದರೂ ಆ ಭಾಷೆಯ ಬಿಡುಗಡೆಯನ್ನು ತಡೆಹಿಡಿಯುವ ಅಧಿಕಾರವನ್ನು ಪರಿಶೀಲಕರ ಕೈಗೆ ಕೊಡಬೇಕು.